ಸಿಸಿ ಕ್ಯಾಮೆರಾ, ಬೆರಳಚ್ಚು ಹಾಜರಿ: ನೋಟಿಸ್ ಕರಡು ಹಾಕಿದ್ದೇನೆ, ಸ್ವಲ್ಪ ನೋಡಿ ಹೇಳಿ

ಶಾಂತಲಾ_ಆಡಳಿತ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 84 ಜನ ಕೆಲಸ ಮಾಡುತ್ತಾರೆ. 12 ಕ್ಯಾಮೆರಾ, ಎರಡು ಬೆರಳಚ್ಚು ಮಷಿನ್, ಗೇಟಿನ ಹತ್ತಿರ ಮುಖ ನೋಡಿ ಹಾಜರಿ ಹಾಕುವ ಮಷಿನ್ ಒಂದು. ಇಷ್ಟು ದಿನ ನೋಟಿಸೇ ಇರಲಿಲ್ಲ, ಈಗ ಹಾಕಿ ಅಂತ ಮೇಲಿನವರು ಹೇಳಿದ್ದಾರೆ. ನಾನು ಬರೆದಿದ್ದು ಇದು:

> ಎಲ್ಲ ಸಿಬ್ಬಂದಿಗೆ ತಿಳಿಸುವುದೇನೆಂದರೆ, ಭದ್ರತೆ ಹಾಗೂ ಇತರ ಆಡಳಿತಾತ್ಮಕ ಉದ್ದೇಶಗಳಿಗಾಗಿ ಆವರಣದಾದ್ಯಂತ ಸಿಸಿ ಕ್ಯಾಮೆರಾ ಮತ್ತು ಬಯೋಮೆಟ್ರಿಕ್ ಸಾಧನಗಳನ್ನು ಅಳವಡಿಸಲಾಗಿದೆ. ಎಲ್ಲ ದಾಖಲೆಗಳನ್ನು 30 ದಿನಗಳ ಕಾಲ ಇಟ್ಟುಕೊಳ್ಳಲಾಗುವುದು. ಸಹಕರಿಸಬೇಕಾಗಿ ಕೋರಿಕೆ.

ಚಿಕ್ಕದಾಗಿದ್ದರೆ ಓದುತ್ತಾರೆ ಅಂತ ಇಷ್ಟಕ್ಕೇ ನಿಲ್ಲಿಸಿದ್ದೇನೆ. ಏನಾದರೂ ಬಿಟ್ಟುಹೋಗಿದೆಯಾ?

ಗುಂಡುರಾಯ

ಚೆನ್ನಾಗಿದೆ ಮೇಡಂ. ಕೆಳಗೆ ಎಲ್ಲರ ಸಹಿ ಹಾಕಿಸಿಕೊಳ್ಳಿ. ಸಹಿ ಬಿತ್ತು ಅಂದ್ರೆ ಒಪ್ಪಿಗೆ ಕೊಟ್ಟ ಹಾಗೆ, ನಾಳೆ ಯಾರೂ ಮಾತಾಡುವ ಹಾಗಿಲ್ಲ.

ರಾತ್ರಿಪಾಳಿ

"ಇತರ ಆಡಳಿತಾತ್ಮಕ ಉದ್ದೇಶ" ಅಂದ್ರೆ ಏನು? ನಾನು ಎಷ್ಟು ಸಲ ಟೀ ಕುಡಿಯೋಕೆ ಎದ್ದೆ ಅಂತ ಎಣಿಸೋದೂ ಅದರೊಳಗೇ ಬರುತ್ತಾ?

ಕೇಬಲ್_ಕಟ್ಟೆ

ಮೇಡಂ, ನಾನು ಕ್ಯಾಮೆರಾ ಹಾಕುವ ಕೆಲಸ ಮಾಡೋನು. ಕಾನೂನು ನನಗೆ ಅಷ್ಟಾಗಿ ಗೊತ್ತಿಲ್ಲ, ಪೆಟ್ಟಿಗೆ ಗೊತ್ತು. 30 ದಿನ ಅಂತ ಬರೆದಿದ್ದೀರಲ್ಲ, ಅದನ್ನು ಯಾರು ಹೇಳಿದರು? ರೆಕಾರ್ಡರ್‌ನಲ್ಲಿ ಹಾರ್ಡ್ ಡಿಸ್ಕ್ ಎಷ್ಟು ಟಿಬಿ, ಕ್ಯಾಮೆರಾದ ಬಿಟ್‌ರೇಟ್ ಎಷ್ಟು, ಇಡೀ ದಿನ ರೆಕಾರ್ಡ್ ಆಗುತ್ತಾ ಇಲ್ಲ ಅಲುಗಾಟ ಕಂಡಾಗ ಮಾತ್ರವಾ? ಈ ಮೂರು ನೋಡಿ ಹೇಳಿ.

ಶಾಂತಲಾ_ಆಡಳಿತ

@ಕೇಬಲ್_ಕಟ್ಟೆ, 30 ದಿನ ಅಂತ ಹಾಕಿಕೊಟ್ಟವರು ಬಾಯಲ್ಲಿ ಹೇಳಿದ್ದು. ಈಗ ನೋಡಿದೆ: 4 ಟಿಬಿ ಒಂದೇ ಡಿಸ್ಕ್, ಎಲ್ಲ ಕ್ಯಾಮೆರಾಗೂ 2 ಎಂಬಿಪಿಎಸ್, 24 ಗಂಟೆಯೂ ರೆಕಾರ್ಡ್.

ಕೇಬಲ್_ಕಟ್ಟೆ

ಹಾಗಾದ್ರೆ ನಿಮ್ಮ ನೋಟಿಸ್ ಸುಳ್ಳು ಹೇಳುತ್ತಿದೆ.

ಲೆಕ್ಕ ಸುಲಭ. 2 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಕಾಲು ಮೆಗಾಬೈಟ್. ದಿನಕ್ಕೆ 86,400 ಸೆಕೆಂಡ್, ಹಾಗಾಗಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತುಂಬಿಸುತ್ತದೆ. 12 ಕ್ಯಾಮೆರಾಗೆ ಹತ್ತಿರ ಹತ್ತಿರ 260 ಜಿಬಿ. 4 ಟಿಬಿ ಡಿಸ್ಕ್ 15 ದಿನಕ್ಕೆ ತುಂಬುತ್ತದೆ. ತುಂಬಿದ ಮೇಲೆ ಪೆಟ್ಟಿಗೆ ಯಾರನ್ನೂ ಕೇಳಲ್ಲ, ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತದೆ.

ನಂಬಿಕೆ ಇಲ್ಲದಿದ್ದರೆ ಪ್ಲೇಬ್ಯಾಕ್‌ಗೆ ಹೋಗಿ ಕ್ಯಾಲೆಂಡರ್ ತೆರೆಯಿರಿ. ರೆಕಾರ್ಡಿಂಗ್ ಇರುವ ದಿನಗಳಿಗೆ ಗುರುತು ಇರುತ್ತದೆ. ಎಲ್ಲಕ್ಕಿಂತ ಹಳೆಯ ಗುರುತು ಯಾವತ್ತಿನದು ಅಂತ ಪ್ರತಿ ಕ್ಯಾಮೆರಾಗೂ ನೋಡಿ. ಅದೇ ನಿಮ್ಮ ನಿಜವಾದ ಅವಧಿ.

ಗುಂಡುರಾಯ

15 ಇದ್ರೆ ಒಳ್ಳೇದೇ ಅಲ್ವಾ? 30 ಅಂತ ಹೇಳಿ 15ಕ್ಕೇ ಅಳಿಸಿದರೆ ಯಾರಿಗೇನು ನಷ್ಟ?

ಲೆಕ್ಕದ_ಸಾವಿತ್ರಿ

ನಷ್ಟ ಕೆಲಸದವರಿಗೇ ಸರ್. ಯಾರೋ ನನ್ನ ಮೇಲೆ ಸುಳ್ಳು ಆರೋಪ ಹೊರಿಸಿದರು ಅಂದುಕೊಳ್ಳಿ. ಇಪ್ಪತ್ತನೇ ದಿನ ನನಗೆ ವಿಷಯ ಗೊತ್ತಾಗುತ್ತದೆ. "ನೋಟಿಸ್‌ನಲ್ಲಿ 30 ದಿನ ಅಂತ ಇದೆ, ದಯವಿಟ್ಟು ಆವತ್ತಿನ ದೃಶ್ಯ ತೆಗೆಯಿರಿ" ಅಂತ ಕೇಳುತ್ತೇನೆ. ಅದು ಇಲ್ಲ ಅಂತಾರೆ. ಆಗ ನನಗೆ ಏನು ಅನಿಸಬೇಕು? ಬೇಕು ಅಂತಲೇ ಅಳಿಸಿದರು ಅಂತಲೇ ಅಲ್ವಾ? ನಿಜಕ್ಕೂ ಯಾರೂ ಅಳಿಸಿಲ್ಲ, ಡಿಸ್ಕ್ ಚಿಕ್ಕದು ಅಷ್ಟೆ. ಆದರೆ ಅದನ್ನು ಯಾರು ನಂಬುತ್ತಾರೆ?

ಕೇಬಲ್_ಕಟ್ಟೆ

ಸಾವಿತ್ರಿ ಮೇಡಂ ಹೇಳಿದ್ದು ಸರಿ. ಇದರ ಉಲ್ಟಾನೂ ಆಗುತ್ತದೆ. ಒಂದು ಕಡೆ ನಾನೇ ನೋಡಿದ್ದು: ಅಲುಗಾಟ ಇದ್ದಾಗ ಮಾತ್ರ ರೆಕಾರ್ಡ್ ಅಂತ ಇಟ್ಟಿದ್ದರು, ಡಿಸ್ಕ್ ದೊಡ್ಡದು. ಗೋಡೆ ಮೇಲೆ 30 ದಿನ ಅಂತ ಬೋರ್ಡು, ಪೆಟ್ಟಿಗೆಯೊಳಗೆ ಮೂರು ತಿಂಗಳಿಗಿಂತ ಹಳೆಯದು ಕೂತಿತ್ತು. ರಜೆ ಬಂದರೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಯಾಕಂದ್ರೆ ಯಾರೂ ಓಡಾಡಲ್ಲ, ಡಿಸ್ಕ್ ತುಂಬಲ್ಲ.

ಅದಕ್ಕೇ ಡಿಸ್ಕ್ ಗಾತ್ರವನ್ನು ನಂಬಿ ಅವಧಿ ಬರೆಯಬಾರದು. ಹೆಚ್ಚಿನ ರೆಕಾರ್ಡರ್‌ಗಳಲ್ಲಿ ಇಷ್ಟು ದಿನ ಆದ ಮೇಲೆ ತಾನಾಗಿ ಅಳಿಸು ಅನ್ನುವ ಸೆಟ್ಟಿಂಗ್ ಇರುತ್ತದೆ. ಬಾಕ್ಸಿಂದ ತೆಗೆದಾಗ ಅದು ಸಾಮಾನ್ಯವಾಗಿ ಸೊನ್ನೆ ಇರುತ್ತದೆ, ಅಂದ್ರೆ ತುಂಬುವವರೆಗೂ ಇಟ್ಟುಕೋ ಅಂತ. ಅಲ್ಲಿ 30 ಅಂತ ಹಾಕಬೇಕು. ಇದು ಮೇಲಿನ ಮಿತಿ. ಕೆಳಗಿನ ಮಿತಿಗೆ ಡಿಸ್ಕ್ ಬೇಕು. ನಿಮ್ಮ ಲೆಕ್ಕಕ್ಕೆ 8 ಟಿಬಿ ಹಾಕಿದರೆ 30 ದಿನಕ್ಕೆ ಅಂಚಿನಲ್ಲಿ ಸಾಕಾಗುತ್ತದೆ. ವಿಡಿಯೊವನ್ನು ಇನ್ನೂ ಚಿಕ್ಕದಾಗಿ ಹಿಂಡುವ ಎಚ್.265 ಅನ್ನುವ ವಿಧಾನ ಕ್ಯಾಮೆರಾದಲ್ಲಿದ್ದರೆ ಬಿಟ್‌ರೇಟ್ ಇಳಿಸಿ ಇದ್ದ ಡಿಸ್ಕ್‌ನಲ್ಲೇ ಹೊಂದಿಸಬಹುದು, ಡಿಸ್ಕ್ ಕೊಳ್ಳುವ ಮೊದಲು ಅದನ್ನು ಪ್ರಯತ್ನಿಸಿ.

ಮಲ್ಲಿ

ಹೊಸ ಮಷಿನ್ ತಗೊಳ್ಳೋದಾದ್ರೆ ಯಾವ ಕಂಪನಿದು ಒಳ್ಳೇದು? ನಮ್ಮ ಆಫೀಸಿಂದು ಬೆಳಿಗ್ಗೆ ಅಷ್ಟು ಬೇಗ ತಗೊಳ್ಳಲ್ಲ, ಕ್ಯೂ ನಿಲ್ಲಬೇಕು.

ರಾತ್ರಿಪಾಳಿ

ಮಲ್ಲಿ ಅಕ್ಕ, ಇಲ್ಲಿ ಮಷಿನ್ ಕೊಳ್ಳೋ ವಿಷಯ ಅಲ್ಲ, ನೋಟಿಸ್ ವಿಷಯ 😀

ಹಳೇ_ಕಡತ

ಶಾಂತಲಾ ಅವರೇ, ಸಿಬ್ಬಂದಿ ವಿಭಾಗದಲ್ಲಿ ತುಂಬಾ ವರ್ಷ ಇದ್ದವನು ನಾನು. ನಿಮ್ಮ ಕರಡಿನಲ್ಲಿ ನನಗೆ ಎದ್ದು ಕಂಡಿದ್ದು "ಎಲ್ಲ ದಾಖಲೆಗಳು" ಅನ್ನುವುದು. ನಿಮ್ಮಲ್ಲಿ ಒಂದಲ್ಲ, ನಾಲ್ಕು ಬಗೆಯ ದಾಖಲೆ ಇದೆ. ಒಂದೊಂದರ ಆಯಸ್ಸೂ ಬೇರೆ.

ವಿಡಿಯೊದ ಬಗ್ಗೆ ಕೇಬಲ್ ಅಣ್ಣ ಹೇಳಿಯಾಯಿತು. ಎರಡನೆಯದು ಹಾಜರಿ, ಅಂದರೆ ಯಾರು ಎಷ್ಟು ಗಂಟೆಗೆ ಬಂದರು, ಹೋದರು. ಅದನ್ನು 30 ದಿನಕ್ಕೆ ಅಳಿಸಿದರೆ ಸಂಬಳದ ತಕರಾರು ಬಂದಾಗ ಏನು ತೋರಿಸುತ್ತೀರಿ? ಅದು ಸಂಬಳದ ಕಡತದ ಜೊತೆ ವರ್ಷಗಟ್ಟಲೆ ಇರಬೇಕಾದದ್ದು. ಎಷ್ಟು ವರ್ಷ ಅನ್ನುವುದು ನಿಮ್ಮ ಕಡೆಯ ಕಾರ್ಮಿಕ ಕಾನೂನಿನ ಮೇಲೆ ಹೋಗುತ್ತದೆ. ಮೂರನೆಯದು ಬೆರಳು ಮತ್ತು ಮುಖದ ಟೆಂಪ್ಲೇಟ್. ಅದನ್ನು 30 ದಿನಕ್ಕೆ ಅಳಿಸಿದರೆ ಪ್ರತಿ ತಿಂಗಳೂ ಎಲ್ಲರೂ ಮತ್ತೆ ಬೆರಳು ಒತ್ತಬೇಕು! ಅದು ಕೆಲಸದಲ್ಲಿ ಇರುವವರೆಗೆ ಇರಬೇಕು, ಬಿಟ್ಟ ದಿನ ಹೋಗಬೇಕು. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಮುಖದ ಮಷಿನ್ ಎಷ್ಟೋ ಸಲ ಪ್ರತಿ ಹಾಜರಿಗೂ ಒಂದು ಫೋಟೊ ತೆಗೆದು ಇಟ್ಟುಕೊಳ್ಳುತ್ತದೆ. ನಿಮ್ಮದರಲ್ಲಿ ಆ ಆಯ್ಕೆ ಆನ್ ಇದೆಯಾ ನೋಡಿ. ಬೇಡದಿದ್ದರೆ ಆಫ್ ಮಾಡಿ. ಬೇಕಾದರೆ ನೋಟಿಸ್‌ನಲ್ಲಿ ಹೇಳಿ.

ಗುಂಡುರಾಯ

ಟೆಂಪ್ಲೇಟ್ ಬಗ್ಗೆ ಸುಮ್ನೆ ಹೆದರಿಸಬೇಡಿ. ಮಷಿನ್ ಬೆರಳಿನ ಫೋಟೊ ಇಟ್ಟುಕೊಳ್ಳಲ್ಲ. ಗೆರೆಗಳು ಎಲ್ಲಿ ಕವಲಾಗುತ್ತವೆ, ಎಲ್ಲಿ ನಿಲ್ಲುತ್ತವೆ ಅನ್ನೋದನ್ನ ಸಂಖ್ಯೆ ಮಾಡಿ ಇಟ್ಟುಕೊಳ್ಳುತ್ತೆ ಅಷ್ಟೆ. ಆ ಸಂಖ್ಯೆ ತಗೊಂಡು ಯಾರು ಏನು ಮಾಡ್ತಾರೆ?

ಬಿಟ್_ಬೈಟ್

ಅರ್ಧ ಸರಿ ಗುಂಡುರಾಯರೇ. ಫೋಟೊ ಇಡಲ್ಲ ಅನ್ನೋದು ಸಾಮಾನ್ಯವಾಗಿ ನಿಜ. ಆದರೆ ಟೆಂಪ್ಲೇಟ್‌ನಿಂದ ಅದೇ ಮಷಿನ್ನಿಗೆ ಮೋಸ ಮಾಡುವಷ್ಟು ಹತ್ತಿರದ ಬೆರಳಚ್ಚು ಮತ್ತೆ ಕಟ್ಟಬಹುದು ಅಂತ ಸಂಶೋಧಕರು ತೋರಿಸಿ ಎಷ್ಟೋ ವರ್ಷ ಆಯಿತು. ಇನ್ನು ಎಲ್ಲರೂ ಎಚ್ಚರಿಕೆಯಿಂದ ಇಡುತ್ತಾರೆ ಅಂತಲೂ ಅಲ್ಲ. 2019ರಲ್ಲಿ ಬಯೋಸ್ಟಾರ್ 2 ಅನ್ನುವ ವ್ಯವಸ್ಥೆಯ ದತ್ತಾಂಶ ಇಂಟರ್‌ನೆಟ್‌ನಲ್ಲಿ ಬೀಗವಿಲ್ಲದೆ ಬಿದ್ದಿರುವುದನ್ನು ಸಂಶೋಧಕರು ಕಂಡುಹಿಡಿದರು. ಬೆರಳಚ್ಚು, ಮುಖದ ದತ್ತಾಂಶ ಎಲ್ಲ ಇತ್ತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು. ಬೆರಳು?

ಗುಂಡುರಾಯ

ಹತ್ತು ಇವೆಯಲ್ಲ 😄

ಬಿಟ್_ಬೈಟ್

ಶಾಂತಲಾ ಮೇಡಂ, ಈಗಲೇ ಒಂದು ಕೆಲಸ ಮಾಡಿ. ಮಷಿನ್ನಿನ ಮೆನುವಿನಲ್ಲಿ ಒಟ್ಟು ಬಳಕೆದಾರರ ಸಂಖ್ಯೆ ತೋರಿಸುತ್ತದೆ. ಅದನ್ನೂ ಈ ತಿಂಗಳ ಸಂಬಳದ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿ.

ಶಾಂತಲಾ_ಆಡಳಿತ

ಈಗ ತಾನೇ ಹೋಗಿ ನೋಡಿ ಬಂದೆ. ಕೆಲಸದಲ್ಲಿ ಇರುವವರು 84. ಮುಂದಿನ ಬಾಗಿಲಿನ ಮಷಿನ್‌ನಲ್ಲಿ 131 ಜನ. ಹಿಂದಿನದರಲ್ಲಿ 118. ಕಂಪ್ಯೂಟರ್‌ನ ಸಾಫ್ಟ್‌ವೇರ್‌ನಲ್ಲಿ ಮಾತ್ರ ಸರಿಯಾಗಿ 84 ಇದೆ. ಇದು ಹೇಗೆ?

ಬಿಟ್_ಬೈಟ್

ಯಾರಾದರೂ ಕೆಲಸ ಬಿಟ್ಟಾಗ ಸಾಫ್ಟ್‌ವೇರ್‌ನಲ್ಲಿ ಹೆಸರು ತೆಗೆಯುತ್ತಾರೆ. ಎಷ್ಟೋ ವ್ಯವಸ್ಥೆಗಳಲ್ಲಿ ಅದು ಮಷಿನ್ನಿಗೆ ತಾನಾಗಿ ಹೋಗಲ್ಲ, ಸಾಧನದಿಂದಲೂ ಅಳಿಸು ಅಂತ ಬೇರೆ ಆಜ್ಞೆ ಕೊಡಬೇಕು. ಆ ಹೊತ್ತಿಗೆ ಮಷಿನ್ನಿನ ನೆಟ್‌ವರ್ಕ್ ಕಡಿದಿದ್ದರೂ ಅದು ತಪ್ಪಿಹೋಗುತ್ತದೆ. ಎರಡು ಮಷಿನ್ನಿನ ಲೆಕ್ಕ ಬೇರೆ ಬೇರೆ ಇರೋದು ಅದಕ್ಕೇ ಇರಬೇಕು. ಹಳಬರ ಟೆಂಪ್ಲೇಟ್ ಅಲ್ಲೇ ಇದೆ. ಅಂದರೆ ಬಾಗಿಲು ತೆಗೆಯುವ ಮಷಿನ್ ಆದರೆ ಅವರು ಇವತ್ತೂ ಬಂದು ಬೆರಳಿಟ್ಟು ಒಳಗೆ ಬರಬಹುದು. ಖಾಸಗಿತನದ ಮಾತು ಬಿಡಿ, ಭದ್ರತೆಗೇ ಇದು ತೂತು.

ಅಳಿಸಬೇಕಾದ ಜಾಗ ಮೂರು. ಸಾಫ್ಟ್‌ವೇರ್, ಪ್ರತಿಯೊಂದು ಮಷಿನ್, ಆಮೇಲೆ ಬ್ಯಾಕಪ್. ಬ್ಯಾಕಪ್ಪಿಂದ ಒಬ್ಬರದ್ದನ್ನೇ ಕಿತ್ತು ತೆಗೆಯೋದು ಕಷ್ಟ, ಹಾಗಾಗಿ ಹಳೆಯ ಬ್ಯಾಕಪ್ ಎಷ್ಟು ದಿನಕ್ಕೆ ತಾನಾಗಿ ಹೋಗುತ್ತದೆ ಅಂತ ಗೊತ್ತಿರಬೇಕು. ನೋಟಿಸ್‌ನಲ್ಲಿ ಆ ದಿನವನ್ನೂ ಸೇರಿಸಿ ಬರೆಯಿರಿ. ಇನ್ನೊಂದು, ಬ್ಯಾಕಪ್ ಮತ್ತೆ ಹಾಕಿದಾಗ ಬಿಟ್ಟುಹೋದವರೂ ವಾಪಸ್ ಬಂದು ಕೂತುಕೊಳ್ಳುತ್ತಾರೆ.

ಇಟ್ಟಿಗೆ_ನಾಗ

ನಂದು ಬೇರೆ ಕಥೆ. ಕೆಲಸ ಮಾಡಿ ಮಾಡಿ ನನ್ನ ಬೆರಳಿನ ಗೆರೆ ಸವೆದುಹೋಗಿದೆ. ಸಿಮೆಂಟು ಮುಟ್ಟಿದ ದಿನ ಅಂತೂ ಮಷಿನ್ ಗುರುತೇ ಹಿಡಿಯಲ್ಲ. ಒತ್ತಿ ಒತ್ತಿ ಸಾಕಾಗಿ ಒಳಗೆ ಹೋಗ್ತೀನಿ, ತಿಂಗಳ ಕೊನೆಗೆ ಅರ್ಧ ದಿನ ಗೈರು ಅಂತ ಹಿಡೀತಾರೆ. ಕೇಳಿದ್ರೆ "ಮಷಿನ್ ಸುಳ್ಳು ಹೇಳಲ್ಲ" ಅಂತಾರೆ. ಇಂಥದ್ದಕ್ಕೆ ನೋಟಿಸ್‌ನಲ್ಲಿ ಜಾಗ ಇದೆಯಾ?

ಹಳೇ_ಕಡತ

ಇರಲೇಬೇಕು ನಾಗಣ್ಣ. ಬಟ್ಟೆ ತೊಳೆಯುವವರು, ರಾಸಾಯನಿಕ ಮುಟ್ಟುವವರು, ವಯಸ್ಸಾದವರು, ಎಲ್ಲರಿಗೂ ಇದೇ ತೊಂದರೆ. ಮಷಿನ್ ಗುರುತು ಹಿಡಿಯದಿದ್ದರೆ ಕಾರ್ಡು ಅಥವಾ ಪಿನ್ ಬಳಸಬಹುದು, ಅದೂ ಆಗದಿದ್ದರೆ ಪುಸ್ತಕದಲ್ಲಿ ಸಹಿ ಹಾಕಬಹುದು, ಅದಕ್ಕೆ ಸಂಬಳ ಹಿಡಿಯಲ್ಲ ಅಂತ ಬರೆದಿರಬೇಕು. ನೀವು ಸದ್ಯಕ್ಕೆ ಒಂದು ಕೆಲಸ ಮಾಡಿ. ಬೇರೆ ಬೆರಳು ನೋಂದಾಯಿಸಿ, ಕೆಲಸ ಮಾಡದ ಕೈಯಿನ ಉಂಗುರ ಬೆರಳು ಸಾಮಾನ್ಯವಾಗಿ ಕಡಿಮೆ ಸವೆದಿರುತ್ತದೆ. ಮಷಿನ್ ಒಪ್ಪದ ದಿನ ಸಮಯ ಬರೆದು ಮೇಸ್ತ್ರಿ ಹತ್ತಿರ ಸಹಿ ಮಾಡಿಸಿ ಇಟ್ಟುಕೊಳ್ಳಿ.

ಮತ್ತೆ ಗುಂಡುರಾಯರು ಮೇಲೆ ಸಹಿ ಹಾಕಿಸಿದರೆ ಮುಗೀತು ಅಂದಿದ್ದರು. ಸಂಬಳ ಕೊಡುವವರು ಮುಂದೆ ಕಾಗದ ಇಟ್ಟಾಗ ಯಾರು ಇಲ್ಲ ಅನ್ನುತ್ತಾರೆ? ಹಾಗಾಗಿ ಯುರೋಪಿನ ಕಡೆ ಅಂಥ ಒಪ್ಪಿಗೆಗೆ ಹೆಚ್ಚು ಬೆಲೆ ಇಲ್ಲ. ಬ್ರಿಟನ್ನಿನ ದತ್ತಾಂಶ ನಿಯಂತ್ರಕರು 2024ರ ಫೆಬ್ರವರಿಯಲ್ಲಿ ವ್ಯಾಯಾಮ ಮತ್ತು ಮನರಂಜನೆ ಕೇಂದ್ರಗಳನ್ನು ನಡೆಸುವ ಒಂದು ಸಂಸ್ಥೆಗೆ, ಹಾಜರಿಗಾಗಿ ಮುಖ ಮತ್ತು ಬೆರಳಚ್ಚು ಬಳಸುವುದನ್ನು ನಿಲ್ಲಿಸಿ ಅಂತ ಆದೇಶ ಕೊಟ್ಟರು. 38 ಕೇಂದ್ರ, ಎರಡು ಸಾವಿರಕ್ಕೂ ಜಾಸ್ತಿ ಕೆಲಸಗಾರರು. ಕಾರ್ಡಿನಲ್ಲಿ ಆಗುವ ಕೆಲಸಕ್ಕೆ ಬೆರಳು ಯಾಕೆ ಬೇಕು ಅನ್ನುವುದೇ ಅಲ್ಲಿನ ಪ್ರಶ್ನೆ. ಬೇರೆ ದಾರಿ ಇದೆ ಅಂತ ಕೆಲಸಗಾರರಿಗೆ ಮುಂದಾಗಿ ಹೇಳಿರಲಿಲ್ಲ ಅನ್ನುವುದೂ ಅದರಲ್ಲಿತ್ತು.

ಗುಂಡುರಾಯ

ಅದು ಬ್ರಿಟನ್. ಎಲ್ಲ ಕಡೆ ಹಾಗಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಲಿಖಿತ ಒಪ್ಪಿಗೆಯೇ ಬೇಕು ಅಂತ ಕಾನೂನು ಇದೆ, ನೋಡಿ ಬೇಕಾದ್ರೆ.

ಹಳೇ_ಕಡತ

ಇದೆ, 2008ರದ್ದು. ಆದರೆ ಅದು ಸಹಿಗೆ ನಿಲ್ಲಲ್ಲ ಸರ್. ಯಾಕೆ ತೆಗೆದುಕೊಳ್ಳುತ್ತೇವೆ, ಎಷ್ಟು ಕಾಲ ಇಡುತ್ತೇವೆ ಅಂತ ಮೊದಲು ಬರೆದು ತಿಳಿಸಬೇಕು. ಉದ್ದೇಶ ಮುಗಿದಾಗ ಅಥವಾ ಆ ವ್ಯಕ್ತಿಯ ಜೊತೆ ಕೊನೆಯ ವ್ಯವಹಾರ ಆಗಿ ಮೂರು ವರ್ಷದೊಳಗೆ, ಯಾವುದು ಮೊದಲೋ ಆಗ, ನಾಶ ಮಾಡಬೇಕು. ನೀವು ಸಹಿಯನ್ನು ಮಾತ್ರ ಹಿಡಿದುಕೊಂಡಿದ್ದೀರಿ.

ರಾತ್ರಿಪಾಳಿ

ಎಲ್ಲರೂ ದಿನದ ಲೆಕ್ಕ ಮಾಡ್ತಾ ಇದ್ದೀರಿ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಇದ್ದ ಒಂದು ಗೋದಾಮಿನಲ್ಲಿ ಸಾಮಾನು ಕಳುವಾಗಿತ್ತು, ಅದಕ್ಕೆ ದೃಶ್ಯ ತೆಗೆದು ನೋಡಿದರು. ಕಳ್ಳ ಸಿಗಲಿಲ್ಲ. ರಾತ್ರಿ ಎರಡೂವರೆಗೆ ಒಬ್ಬ ಹುಡುಗ ಮೂಟೆಗೆ ಒರಗಿ ಫೋನ್ ನೋಡುತ್ತಾ ಕೂತಿದ್ದು ಸಿಕ್ಕಿತು. ಬೋರ್ಡಲ್ಲಿ "ಭದ್ರತೆಗಾಗಿ" ಅಂತ ಇತ್ತು. ಮೆಮೊ ಬಂದಿದ್ದು ಅವನಿಗೆ. ಇದು ಸರಿಯಾ?

ಗುಂಡುರಾಯ

ಕಣ್ಣಿಗೆ ಬಿದ್ದದ್ದನ್ನ ಬಿದ್ದಿಲ್ಲ ಅನ್ನೋಕಾಗುತ್ತಾ? ಕೆಲಸದ ಹೊತ್ತಲ್ಲಿ ಕೂತಿದ್ದ, ಮೆಮೊ ಕೊಟ್ಟರು.

ಲೆಕ್ಕದ_ಸಾವಿತ್ರಿ

ಹಾಗಾದ್ರೆ "ಭದ್ರತೆಗಾಗಿ" ಅಂತ ಬರೆದಿದ್ದು ಯಾಕೆ? "ನೀವು ಏನು ಮಾಡಿದರೂ ನೋಡ್ತೀವಿ" ಅಂತ ನೇರವಾಗಿ ಬರೆಯಲಿ. ಹೇಳೋದು ಒಂದು, ನೋಡೋದು ಇನ್ನೊಂದು ಆದ್ರೆ ನೋಟಿಸ್ ಇದ್ದೂ ಇಲ್ಲದ ಹಾಗೆ.

ಹಳೇ_ಕಡತ

ಇದು ನಿಜಕ್ಕೂ ಗಟ್ಟಿ ಪ್ರಶ್ನೆ. ಸ್ಪೇನಿನ ಒಂದು ಸೂಪರ್‌ಮಾರ್ಕೆಟ್ ಪ್ರಕರಣ ಇದೆ. ದಾಸ್ತಾನಿಗೂ ಮಾರಾಟಕ್ಕೂ ತಾಳೆಯಾಗುತ್ತಿರಲಿಲ್ಲ ಅಂತ 2009ರಲ್ಲಿ ಬಾಗಿಲ ಹತ್ತಿರ ಕಾಣುವ ಕ್ಯಾಮೆರಾ, ಹಣ ಕಟ್ಟುವ ಕೌಂಟರ್ ಮೇಲೆ ಗುಟ್ಟಿನ ಕ್ಯಾಮೆರಾ ಹಾಕಿದರು. ಕಾಣುವುದರ ಬಗ್ಗೆ ಮಾತ್ರ ಹೇಳಿದ್ದರು. ಕೆಲಸ ಕಳೆದುಕೊಂಡವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2018ರಲ್ಲಿ ಅವರ ಪರ ತೀರ್ಪು ಬಂತು, 2019ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಅದನ್ನು ತಿರುಗಿಸಿತು. ಗಟ್ಟಿಯಾದ ಅನುಮಾನ ಇತ್ತು, ಗಿರಾಕಿಗಳು ಓಡಾಡುವ ಜಾಗ, ಹತ್ತು ದಿನ ಮಾತ್ರ ನೋಡಿದರು, ನೋಡಿದವರೂ ಕೆಲವರೇ ಅಂತ ಕಾರಣ ಕೊಟ್ಟಿತು.

ಆದರೆ ಅಲ್ಲಿ ಹುಡುಕಿದ್ದು ಕಳ್ಳತನ, ಸಿಕ್ಕಿದ್ದೂ ಕಳ್ಳತನ. ರಾತ್ರಿಪಾಳಿ ಅವರು ಹೇಳಿದ ಹುಡುಗನ ಕಥೆ ಹಾಗಲ್ಲ. ನಾನು ಇದ್ದ ಕಡೆ ಹಾಜರಿ, ಚುರುಕುತನ ಅಳೆಯಲು ದೃಶ್ಯ ಬಳಸಲ್ಲ ಅಂತ ಬರೆದಿದ್ದೆವು. ಹೊಡೆದಾಟ, ಕಳವು, ಅಪಘಾತ ಇಷ್ಟಕ್ಕೆ ಮಾತ್ರ ಬಿಟ್ಟಿದ್ದೆವು. ಮೇಲಿನವರಿಗೆ ಇಷ್ಟ ಆಗಿರಲಿಲ್ಲ, ಜಗಳ ಮಾಡಿಯೇ ಸೇರಿಸಬೇಕಾಯಿತು.

ಗುಂಡುರಾಯ

ನಾನು ಮಾಲೀಕ ಆಗಿದ್ರೆ ಒಪ್ಪಿರ್ತಿರಲಿಲ್ಲ.

ರಾತ್ರಿಪಾಳಿ

ಅದಕ್ಕೇ ನೀವು ಮಾಲೀಕರಲ್ಲ 🙏

ಕೇಬಲ್_ಕಟ್ಟೆ

ಜಗಳ ಆಮೇಲೆ ಮಾಡಿ. "ಆವರಣದಾದ್ಯಂತ" ಅನ್ನೋದನ್ನೂ ತೆಗೆಯಿರಿ ಮೇಡಂ. ಹಾಗಂದ್ರೆ ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆನೂ ಬಂತಲ್ಲ! ಎಲ್ಲೆಲ್ಲಿ ಅಂತ ಜಾಗದ ಹೆಸರು ಹಾಕಿ. ಹಾಕುವ ಮೊದಲು ಪರದೆ ಮುಂದೆ ಕೂತು ಒಂದೊಂದು ಕ್ಯಾಮೆರಾ ನಿಜವಾಗಿ ಏನು ನೋಡುತ್ತಿದೆ ಅಂತ ನೋಡಿ. ನಾವು ಹಾಕುವಾಗ ಕಾರಿಡಾರ್ ಅಂತ ಹಾಕಿರ್ತೀವಿ, ಎದುರು ಬಾಗಿಲು ತೆರೆದರೆ ಒಳಗಿನ ಕೋಣೆ ಪೂರ್ತಿ ಕಾಣ್ತಿರುತ್ತೆ. ಅಂಥ ಕಡೆ ಮುಖ ತಿರುಗಿಸಬಹುದು, ಇಲ್ಲಾಂದ್ರೆ ಸೆಟ್ಟಿಂಗ್‌ನಲ್ಲಿ ಆ ಭಾಗಕ್ಕೆ ಕಪ್ಪು ಚೌಕ ಹಾಕಬಹುದು. ಆ ಭಾಗ ರೆಕಾರ್ಡೇ ಆಗಲ್ಲ.

ಮೈಕ್ ಇದೆಯಾ ಅಂತಾನೂ ನೋಡಿ. ಈಗಿನ ಎಷ್ಟೋ ಕ್ಯಾಮೆರಾದಲ್ಲಿ ಇರುತ್ತೆ, ಯಾರೂ ಕೇಳದೇ ಆನ್ ಆಗಿರುತ್ತೆ. ದೃಶ್ಯಕ್ಕಿಂತ ಮಾತು ರೆಕಾರ್ಡ್ ಮಾಡೋದಕ್ಕೆ ಬಹಳ ಕಡೆ ನಿಯಮ ಬಿಗಿ.

ಶಾಂತಲಾ_ಆಡಳಿತ

ನೋಡಿದೆ ಅಣ್ಣ. 12ರಲ್ಲಿ 3ಕ್ಕೆ ಮೈಕ್ ಆನ್ ಇತ್ತು, ಆಫ್ ಮಾಡಿಸಿದೆ. 7ನೇ ಕ್ಯಾಮೆರಾ ಮೆಟ್ಟಿಲು ಅಂತ ಪಟ್ಟಿಯಲ್ಲಿದೆ, ಆದರೆ ಅರ್ಧ ಪರದೆ ತುಂಬಾ ಹೆಂಗಸರು ಊಟದ ನಂತರ ಕೂರುವ ಬೆಂಚು ಕಾಣುತ್ತಿದೆ. ಅದಕ್ಕೆ ಕಪ್ಪು ಚೌಕ ಹಾಕಲು ಹೇಳಿದ್ದೇನೆ. ಕ್ಯಾಲೆಂಡರ್‌ನಲ್ಲಿ ಹಳೆಯ ಗುರುತು ನೀವು ಹೇಳಿದ ಹಾಗೇ 15 ದಿನದ ಹಿಂದಿನದು.

ಹೊಸದಾಗಿ ಬರೆದಿದ್ದೇನೆ. ನೋಡಿ:

> ಕಳವು, ಹೊಡೆದಾಟ ಮತ್ತು ಅಪಘಾತದ ತನಿಖೆಗೆ ಮಾತ್ರ ಕ್ಯಾಮೆರಾ ಇದೆ. ಗೇಟು, ಎರಡೂ ಬಾಗಿಲು, ಉಗ್ರಾಣ, ಮೆಟ್ಟಿಲು, ವಾಹನ ನಿಲ್ಲಿಸುವ ಜಾಗದಲ್ಲಿ ಹಾಕಿದೆ. ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ, ವಿಶ್ರಾಂತಿ ಜಾಗದಲ್ಲಿ ಇಲ್ಲ. ಮಾತು ರೆಕಾರ್ಡ್ ಆಗುವುದಿಲ್ಲ.
>
> ದೃಶ್ಯ 15ನೇ ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಏನಾದರೂ ನಡೆದಿದ್ದರೆ ಅಷ್ಟರೊಳಗೆ ಬರೆದು ಕೊಡಿ, ಆ ಭಾಗವನ್ನು ತೆಗೆದು ಪ್ರಕರಣ ಮುಗಿಯುವವರೆಗೆ ಇಡುತ್ತೇವೆ.
>
> ಬೆರಳು, ಮುಖದ ಗುರುತು ಹಾಜರಿಗೆ ಮಾತ್ರ. ಬೇಡ ಅನ್ನುವವರಿಗೆ, ಮಷಿನ್ ಗುರುತು ಹಿಡಿಯದವರಿಗೆ ಕಾರ್ಡು ಕೊಡುತ್ತೇವೆ. ಅದಕ್ಕಾಗಿ ಸಂಬಳ ಹಿಡಿಯುವುದಿಲ್ಲ. ಕೆಲಸ ಬಿಟ್ಟ ದಿನ ಗುರುತನ್ನು ಮಷಿನ್ ಮತ್ತು ಸಾಫ್ಟ್‌ವೇರ್ ಎರಡರಿಂದಲೂ ಅಳಿಸುತ್ತೇವೆ. ಬಂದ ಹೋದ ಸಮಯದ ದಾಖಲೆ ಸಂಬಳದ ಕಡತದ ಜೊತೆ ಇರುತ್ತದೆ.

ಕೇಬಲ್_ಕಟ್ಟೆ

15 ಅಂತ ಬರೆದರೆ ಡಿಸ್ಕ್ ಕೂಡ 15ರ ಅಂಚಿನಲ್ಲೇ ಇದೆ. ಒಂದು ಕ್ಯಾಮೆರಾ ಸೇರಿಸಿದರೂ 14ಕ್ಕೆ ಇಳಿಯುತ್ತದೆ. ನೋಟಿಸ್‌ನಲ್ಲಿ 12 ಅಂತ ಹಾಕಿ, ಪೆಟ್ಟಿಗೆಯಲ್ಲೂ 12 ಅಂತ ಇಡಿ. ಗಡಿಯಾರ ಸರಿ ಇದೆಯಾ ನೋಡಿ, ಎಷ್ಟೋ ಪೆಟ್ಟಿಗೆ ಹತ್ತು ನಿಮಿಷ ಹಿಂದೆ ಓಡ್ತಿರುತ್ತೆ. ಹಾಜರಿ ಮಷಿನ್ನಿಗೂ ಅದಕ್ಕೂ ತಾಳೆ ಬರಲ್ಲ.

ಲೆಕ್ಕದ_ಸಾವಿತ್ರಿ

12 ದಿನ ತುಂಬಾ ಕಡಿಮೆ ಅಂತ ನನಗೆ ಅನಿಸುತ್ತದೆ. ರಜೆಯಲ್ಲಿ ಇದ್ದವರಿಗೆ ವಿಷಯ ಗೊತ್ತಾಗೋ ಹೊತ್ತಿಗೆ ಮುಗಿದಿರುತ್ತದೆ.

ಬಿಟ್_ಬೈಟ್

ಯುರೋಪಿನ ದತ್ತಾಂಶ ಮಂಡಳಿಯ ಮಾರ್ಗಸೂಚಿಯಲ್ಲಿ 72 ಗಂಟೆ ದಾಟಿದರೆ ಯಾಕೆ ಅಂತ ಜಾಸ್ತಿ ಸಮಜಾಯಿಷಿ ಕೊಡಬೇಕು ಅಂತಿದೆ. ಅದಕ್ಕೆ ಹೋಲಿಸಿದರೆ 12 ಧಾರಾಳ. ಆದ್ರೆ ಸಾವಿತ್ರಿ ಮೇಡಂ ಹೇಳೋದೂ ಸುಳ್ಳಲ್ಲ.

ಕರಡಿನಲ್ಲಿ ಒಂದು ಇನ್ನೂ ಬಿಟ್ಟುಹೋಗಿದೆ. ದೃಶ್ಯ ಯಾರು ನೋಡಬಹುದು? ಎಷ್ಟೋ ಕಡೆ ಎಲ್ಲರೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಬಳಸುತ್ತಾರೆ. ಆಗ ಯಾರು ನೋಡಿದರು, ಯಾರು ತುಣುಕು ತೆಗೆದರು ಅಂತ ದಾಖಲೆಯಲ್ಲಿ ಗೊತ್ತೇ ಆಗಲ್ಲ. ಪೆಟ್ಟಿಗೆಯಲ್ಲಿ 12 ದಿನಕ್ಕೆ ಅಳಿಸಿದರೂ, ಒಬ್ಬರು ಜಾರಿ ಬಿದ್ದ ತುಣುಕು ವಾಟ್ಸಾಪ್ ಗುಂಪಿನಲ್ಲಿ ವರ್ಷಗಟ್ಟಲೆ ತಿರುಗುತ್ತಿರುತ್ತದೆ.

ಶಾಂತಲಾ_ಆಡಳಿತ

ಇಬ್ಬರಿಗೆ ಬೇರೆ ಬೇರೆ ಲಾಗಿನ್ ಮಾಡಿಸುತ್ತೇನೆ. ಆದರೆ ಮೇಲಿನವರ ಮೊಬೈಲ್‌ನಲ್ಲೂ ಆ್ಯಪ್ ಇದೆ, ಮನೆಯಿಂದ ಯಾವಾಗ ಬೇಕಾದರೂ ನೋಡುತ್ತಾರೆ. ಅದನ್ನು ನೋಟಿಸ್‌ನಲ್ಲಿ ಬರೆಯೋದಾ ಬೇಡವಾ?

ಹಳೇ_ಕಡತ

ಬರೆಯಿರಿ. ಬರೆದ ಕರಡನ್ನು ಅವರಿಗೇ ಮೊದಲು ತೋರಿಸಿ. ಅದನ್ನು ಓದಿ ಅವರು ಆ್ಯಪ್ ತೆಗೆದರೂ ತೆಗೆಯಬಹುದು.

ಗುಂಡುರಾಯ

ತೆಗೆಯಲ್ಲ, ಆ ಸಾಲನ್ನೇ ತೆಗೆಸ್ತಾರೆ.

ಮಲ್ಲಿ

ಅಲ್ಲ, ಆ ಕಾರ್ಡ್ ಇರೋ ಮಷಿನ್ ಯಾವುದು ಅಂತ ಯಾರಾದರೂ ಹೇಳಿ. ಕ್ಯೂ ಕಡಿಮೆ ಆಗುತ್ತಾ ಅದರಲ್ಲಿ?